ಕಲಿಕಾ ಶೈಲಿಯ ನಂಬಿಕೆ ಮತ್ತು ಅದು ಎದುರಿಸಬೇಕಾದ ಪರೀಕ್ಷೆ

ನಿಮ್ಮಲ್ಲಿ ಹೆಚ್ಚಿನವರು ಪಾಠ ಮಾಡುವವರು, ಉಳಿದವರು ಬಿ.ಇಡಿ. ಓದುತ್ತಿರುವವರು. ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಇನ್ನು ಕೆಲವರು ಕೈಯಾರೆ ಮಾಡಿ ಕಲಿಯುತ್ತಾರೆ ಎಂಬ ಮಾತನ್ನು ನೀವೆಲ್ಲ ತರಗತಿಯಲ್ಲೋ ತರಬೇತಿಯಲ್ಲೋ ಕೇಳಿಯೇ ಇರುತ್ತೀರಿ. ಇದು ನಮ್ಮ ಕಡೆ ಮಾತ್ರ ಇರುವ ನಂಬಿಕೆಯಲ್ಲ. ಬ್ರಿಟನ್, ನೆದರ್‌ಲ್ಯಾಂಡ್ಸ್, ಟರ್ಕಿ, ಗ್ರೀಸ್ ಮತ್ತು ಚೀನಾದ ಶಿಕ್ಷಕರನ್ನು ಕೇಳಿದ ಸಮೀಕ್ಷೆಗಳ ಫಲಿತಾಂಶವನ್ನು ಪಾಲ್ ಹೊವರ್ಡ್-ಜೋನ್ಸ್ 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಐದೂ ದೇಶಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಶಿಕ್ಷಕರು ಇದನ್ನು ಒಪ್ಪಿದ್ದರು. ಇಷ್ಟು ಜನ ಒಪ್ಪಿದ ಮಾತನ್ನು ತಪ್ಪು ಎನ್ನುವ ಮೊದಲು, ಅದು ನಿಜಕ್ಕೂ ಏನನ್ನು ಹೇಳುತ್ತದೆ ಎಂಬುದನ್ನು ಬಿಡಿಸಿಕೊಳ್ಳಬೇಕು.

ಈ ಮಾತಿನೊಳಗೆ ಎರಡು ಹೇಳಿಕೆಗಳು ಅಂಟಿಕೊಂಡಿವೆ. ಒಂದು, ಕಲಿಯುವ ರೀತಿಯಲ್ಲಿ ಜನರಿಗೆ ಬೇರೆ ಬೇರೆ ಇಷ್ಟಗಳಿವೆ ಎಂಬುದು. ಇದರ ಬಗ್ಗೆ ಯಾರಿಗೂ ತಕರಾರಿಲ್ಲ. ಒಬ್ಬರಿಗೆ ಪುಸ್ತಕ ಹಿತ, ಇನ್ನೊಬ್ಬರಿಗೆ ವಿಡಿಯೊ ಹಿತ. ಇನ್ನೊಂದು, ಆ ಇಷ್ಟಕ್ಕೆ ಹೊಂದುವಂತೆ ಪಾಠ ಮಾಡಿದರೆ ಮಗು ಹೆಚ್ಚು ಕಲಿಯುತ್ತದೆ ಎಂಬುದು. ತರಗತಿಯಲ್ಲಿ ನಮ್ಮ ಸಮಯವನ್ನು ಬೇಡುವುದು, ಪಾಠಯೋಜನೆಯಲ್ಲಿ ಒಂದು ಕಾಲಮ್ಮನ್ನೇ ಪಡೆದುಕೊಳ್ಳುವುದು ಈ ಎರಡನೆಯ ಹೇಳಿಕೆ. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದೂ ನಿಜವಾಗಿಬಿಡುವುದಿಲ್ಲ. ನಾನು ಇಂದು ಮಾತನಾಡುವುದು ಎರಡನೆಯದರ ಬಗ್ಗೆ ಮಾತ್ರ.

ಶೈಲಿಯನ್ನು ಅಳೆಯುವ ಪ್ರಶ್ನಾವಳಿಗಳಲ್ಲಿ ಬಹಳ ಪ್ರಸಿದ್ಧವಾದದ್ದು ವಾರ್ಕ್. ನ್ಯೂಜಿಲೆಂಡಿನಲ್ಲಿ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ನೀಲ್ ಫ್ಲೆಮಿಂಗ್ ಅವರು ಇದನ್ನು ರೂಪಿಸಿದರು. ಕಾಲೀನ್ ಮಿಲ್ಸ್ ಅವರೊಂದಿಗೆ ಇದರ ಬಗ್ಗೆ ಬರೆದ ಲೇಖನ 1992ರಲ್ಲಿ ಪ್ರಕಟವಾಯಿತು. ಅದರಲ್ಲಿ ದಾರಿ ಹೇಳುವ ಬಗ್ಗೆ ಒಂದು ಪ್ರಶ್ನೆ ಇದೆ. ಯಾರೋ ಒಬ್ಬರು ರೈಲು ನಿಲ್ದಾಣಕ್ಕೋ ಊರಿನ ಮಧ್ಯಭಾಗಕ್ಕೋ ಹೋಗಬೇಕಾಗಿದೆ, ನೀವು ಏನು ಮಾಡುತ್ತೀರಿ ಎಂದು ಕೇಳುತ್ತದೆ. ನಕ್ಷೆ ತೋರಿಸುತ್ತೇನೆ ಎಂದರೆ ದೃಶ್ಯ ಶೈಲಿಗೆ ಒಂದು ಅಂಕ, ಬಾಯಲ್ಲಿ ಹೇಳುತ್ತೇನೆ ಎಂದರೆ ಶ್ರವಣ ಶೈಲಿಗೆ, ಬರೆದುಕೊಡುತ್ತೇನೆ ಎಂದರೆ ಓದು-ಬರಹದ ಶೈಲಿಗೆ, ಜೊತೆಯಲ್ಲೇ ಹೋಗಿ ಬಿಟ್ಟುಬರುತ್ತೇನೆ ಎಂದರೆ ಕೈಯಾರೆ ಮಾಡುವ ಶೈಲಿಗೆ.

ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಊರಿಗೆ ಹೊಸಬರಾದ ಅಜ್ಜಿಯೊಬ್ಬರು ಕೇಳಿದರೆ ನೀವು ಜೊತೆಗೆ ನಾಲ್ಕು ಹೆಜ್ಜೆ ಹೋಗುತ್ತೀರಿ; ಸ್ನೇಹಿತ ಫೋನ್ ಮಾಡಿದರೆ ಲೊಕೇಶನ್ ಕಳಿಸುತ್ತೀರಿ; ಬಸ್ಸಿನ ಕಿಟಕಿಯಿಂದ ಯಾರೋ ಕೇಳಿದರೆ ‘ಸರ್ಕಲ್ ದಾಟಿ ಎಡಕ್ಕೆ’ ಎಂದು ಕೂಗುತ್ತೀರಿ. ನಿಮ್ಮ ಉತ್ತರ ಬದಲಾದದ್ದು ಎದುರಿಗಿರುವವರು ಯಾರು, ಎಷ್ಟು ಹೊತ್ತಿದೆ ಎಂಬುದರಿಂದ. ಅಲ್ಲದೆ, ಇಲ್ಲಿ ಕೇಳಿರುವುದು ನೀವು ಇನ್ನೊಬ್ಬರಿಗೆ ಹೇಗೆ ಹೇಳುತ್ತೀರಿ ಎಂದೇ ಹೊರತು, ಹೇಗೆ ಹೇಳಿಕೊಟ್ಟಾಗ ನಿಮಗೆ ಹೆಚ್ಚು ನೆನಪಿನಲ್ಲಿ ಉಳಿಯಿತು ಎಂದಲ್ಲ. ಎಲ್ಲ ಪ್ರಶ್ನೆಗಳೂ ಹೀಗೆಯೇ ಇವೆ ಎಂದು ನಾನು ಹೇಳುವುದಿಲ್ಲ. ಆದರೆ ಇಂಥ ಪ್ರಶ್ನಾವಳಿ ಅಳೆಯುವುದು ಒಲವನ್ನು, ಕಲಿಕೆಯನ್ನಲ್ಲ. ಒಲವಿನಿಂದ ಕಲಿಕೆಗೆ ಹೋಗಲು ನಡುವೆ ಒಂದು ಪ್ರಯೋಗ ಬೇಕೇ ಬೇಕು.

ಆ ಪ್ರಯೋಗ ಹೇಗಿರಬೇಕು ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟವರು ಹೆರಾಲ್ಡ್ ಪ್ಯಾಷ್ಲರ್, ಮಾರ್ಕ್ ಮ್ಯಾಕ್‌ಡೇನಿಯಲ್, ಡಗ್ ರೋರರ್ ಮತ್ತು ರಾಬರ್ಟ್ ಬಿಯೋರ್ಕ್ ಎಂಬ ನಾಲ್ವರು ಅಮೆರಿಕದ ಮನೋವಿಜ್ಞಾನಿಗಳು. ಅವರ ವಿಮರ್ಶಾ ಲೇಖನ 2008ರದ್ದು. ಅವರ ಷರತ್ತುಗಳನ್ನು ನಮ್ಮ ತರಗತಿಯ ಲೆಕ್ಕದಲ್ಲಿ ಇಡುತ್ತೇನೆ. ಅಂಕೆಗಳೆಲ್ಲ ನಾನು ವಿವರಣೆಗಾಗಿ ಕಟ್ಟಿಕೊಂಡವು.

ಒಂದು ಶಾಲೆಯಲ್ಲಿ 60 ಮಕ್ಕಳಿದ್ದಾರೆ ಎಂದುಕೊಳ್ಳಿ. ಪ್ರಶ್ನಾವಳಿಯ ಪ್ರಕಾರ 30 ಮಂದಿ ನೋಡಿ ಕಲಿಯುವವರು, 30 ಮಂದಿ ಕೇಳಿ ಕಲಿಯುವವರು. ಜಲಚಕ್ರದ ಪಾಠವನ್ನು ಎರಡು ರೀತಿಯಲ್ಲಿ ಸಿದ್ಧಪಡಿಸಿದ್ದೇವೆ: ಒಂದರಲ್ಲಿ ಚಿತ್ರಗಳು, ಇನ್ನೊಂದರಲ್ಲಿ ಬರೀ ಮಾತು. ನೋಡಿ ಕಲಿಯುವವರಿಗೆಲ್ಲ ಚಿತ್ರದ ಪಾಠ, ಕೇಳಿ ಕಲಿಯುವವರಿಗೆಲ್ಲ ಮಾತಿನ ಪಾಠ ಕೊಟ್ಟು, ಎಲ್ಲರೂ ಚೆನ್ನಾಗಿ ಕಲಿತರು ಎಂದು ವರದಿ ಬರೆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಹೋಲಿಸುವುದಕ್ಕೆ ಯಾರೂ ಇಲ್ಲ. ಆದ್ದರಿಂದ ಪ್ರತಿ ಗುಂಪಿನಲ್ಲೂ ಚೀಟಿ ಎತ್ತಿ, 15 ಮಕ್ಕಳನ್ನು ಚಿತ್ರದ ಪಾಠಕ್ಕೂ ಉಳಿದ 15 ಮಕ್ಕಳನ್ನು ಮಾತಿನ ಪಾಠಕ್ಕೂ ಕಳಿಸಬೇಕು. ಕೊನೆಯಲ್ಲಿ ಅರವತ್ತೂ ಮಕ್ಕಳು 20 ಅಂಕಗಳ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರಿಸಬೇಕು. ಚಿತ್ರದವರಿಗೆ ಚಿತ್ರ ಬಿಡಿಸುವ ಪರೀಕ್ಷೆ, ಮಾತಿನವರಿಗೆ ಮೌಖಿಕ ಪರೀಕ್ಷೆ ಎಂದು ಬೇರೆ ಮಾಡಿದರೆ ಅಂಕಗಳನ್ನು ಹೋಲಿಸಲು ಬರುವುದಿಲ್ಲ.

ಈಗ ಫಲಿತಾಂಶ ಬಂತು. ನೋಡಿ ಕಲಿಯುವವರ ಸರಾಸರಿ ಚಿತ್ರದ ಪಾಠದಲ್ಲಿ 14, ಮಾತಿನ ಪಾಠದಲ್ಲಿ 11. ಇಷ್ಟಕ್ಕೇ ನಿಲ್ಲಿಸಿದರೆ, ಶೈಲಿಗೆ ಹೊಂದಿದ ಪಾಠದಿಂದ 3 ಅಂಕ ಹೆಚ್ಚು ಬಂತು ಎಂದು ಸಂತೋಷಪಡಬಹುದು. ಆದರೆ ಇನ್ನೊಂದು ಗುಂಪನ್ನೂ ನೋಡಬೇಕು. ಕೇಳಿ ಕಲಿಯುವವರ ಸರಾಸರಿ ಚಿತ್ರದ ಪಾಠದಲ್ಲಿ 13, ಮಾತಿನ ಪಾಠದಲ್ಲಿ 10 ಬಂದಿದ್ದರೆ, ನಮಗೆ ತಿಳಿದದ್ದು ಇಷ್ಟೇ: ಜಲಚಕ್ರಕ್ಕೆ ಚಿತ್ರದ ಪಾಠವೇ ಮೇಲು, ಎಲ್ಲರಿಗೂ ಮೇಲು. ಶೈಲಿಯ ಮಾತು ಗೆಲ್ಲಬೇಕಾದರೆ ಎರಡನೆಯ ಗುಂಪಿನಲ್ಲಿ ಫಲಿತಾಂಶ ತಿರುವುಮುರುವಾಗಬೇಕು. ಅಂದರೆ ಅವರಿಗೆ ಚಿತ್ರದಲ್ಲಿ 10 ಬಂದು ಮಾತಿನಲ್ಲಿ 14 ಬರಬೇಕು. ಎರಡು ಗೆರೆಗಳಾಗಿ ಬರೆದರೆ ಅವು ಒಂದನ್ನೊಂದು ಕತ್ತರಿಸಬೇಕು. ಈ ಕತ್ತರಿ ಕಾಣದಿದ್ದರೆ ಮಕ್ಕಳನ್ನು ಎರಡು ಬಣವಾಗಿ ವಿಂಗಡಿಸುವುದಕ್ಕೆ ಯಾವ ಆಧಾರವೂ ಇಲ್ಲ, ಏಕೆಂದರೆ ಎರಡೂ ಬಣಗಳಿಗೆ ನಾವು ಕೊಡಬೇಕಾದ ಪಾಠ ಒಂದೇ.

2008ರ ಹೊತ್ತಿಗೆ ಇಷ್ಟು ಕಟ್ಟುನಿಟ್ಟಾಗಿ ಮಾಡಿದ ಅಧ್ಯಯನಗಳೇ ಬಹಳ ಕಡಿಮೆ ಇದ್ದವು, ಮಾಡಿದವುಗಳಲ್ಲಿ ಹಲವು ಶೈಲಿಯ ವಾದಕ್ಕೆ ನೇರ ವಿರುದ್ಧವಾಗಿದ್ದವು ಎಂದು ಆ ನಾಲ್ವರು ಕಂಡುಕೊಂಡರು. ಆಮೇಲೆ ಈ ಷರತ್ತನ್ನು ಮುಂದಿಟ್ಟುಕೊಂಡೇ ಪ್ರಯೋಗಗಳು ನಡೆದವು. ಅವುಗಳಲ್ಲಿ ನನಗೆ ಬಹಳ ಅಚ್ಚುಕಟ್ಟಾಗಿ ಕಾಣುವುದು ಬೆತ್ ರೊಗೌಸ್ಕಿ, ಬಾರ್ಬರಾ ಕ್ಯಾಲ್‌ಹೂನ್ ಮತ್ತು ಪೌಲಾ ಟಲ್ಲಾಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನ. ಕಾಲೇಜು ಓದಿದ್ದ ವಯಸ್ಕರಿಗೆ ಮೊದಲು ಶೈಲಿಯ ಪ್ರಶ್ನಾವಳಿ ಕೊಟ್ಟರು. ಅನಂತರ ಒಂದು ಪುಸ್ತಕದ ಅದೇ ಭಾಗವನ್ನು ಕೆಲವರು ಆಡಿಯೊ ರೂಪದಲ್ಲಿ ಕೇಳಿದರು, ಕೆಲವರು ಪರದೆಯ ಮೇಲೆ ಓದಿದರು. ಯಾರು ಯಾವುದಕ್ಕೆ ಎಂಬುದು ಅವರ ಆಯ್ಕೆಯಾಗಿರಲಿಲ್ಲ. ಮುಗಿದ ಕೂಡಲೇ ಒಂದು ಪರೀಕ್ಷೆ, ಎರಡು ವಾರಗಳ ನಂತರ ಇನ್ನೊಂದು. ಕೇಳುವುದು ಇಷ್ಟ ಎಂದವರಿಗೆ ಕೇಳಿದ್ದರಿಂದ ವಿಶೇಷ ಲಾಭವಾಗಲಿಲ್ಲ, ಓದುವುದು ಇಷ್ಟ ಎಂದವರಿಗೆ ಓದಿದ್ದರಿಂದಲೂ ಆಗಲಿಲ್ಲ. ಎರಡು ವಾರಗಳ ನಂತರವೂ ಚಿತ್ರ ಬದಲಾಗಲಿಲ್ಲ.

ಅದೇ ತಂಡ ಐದನೆಯ ತರಗತಿಯ ಮಕ್ಕಳ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಅಲ್ಲಿ ದೃಶ್ಯ ಶೈಲಿಯವರು ಎನಿಸಿಕೊಂಡ ಮಕ್ಕಳು ಓದಿ ಉತ್ತರಿಸುವ ಪರೀಕ್ಷೆಯಲ್ಲೂ ಮುಂದಿದ್ದರು, ಕೇಳಿ ಉತ್ತರಿಸುವ ಪರೀಕ್ಷೆಯಲ್ಲೂ ಮುಂದಿದ್ದರು. ಹಾಗಿದ್ದ ಮೇಲೆ ‘ನನಗೆ ಕೇಳುವುದೇ ಇಷ್ಟ’ ಎನ್ನುವ ಮಗುವಿಗೆ ನಾವು ಬರೀ ಕೇಳುವ ಪಾಠವನ್ನೇ ಕೊಡುತ್ತಾ ಹೋದರೆ ಏನಾಗುತ್ತದೆ, ಯೋಚಿಸಿ. ಆ ಮಗು ಓದುವುದರಲ್ಲಿ ಹಿಂದಿರಬಹುದು, ಆದ್ದರಿಂದಲೇ ಓದು ಅದಕ್ಕೆ ಇಷ್ಟವಿಲ್ಲದಿರಬಹುದು. ಹೆಚ್ಚು ಓದಿಸಬೇಕಾದ ಮಗುವಿನಿಂದ ನಾವು ಒಳ್ಳೆಯ ಮನಸ್ಸಿನಿಂದಲೇ ಪುಸ್ತಕ ಕಿತ್ತುಕೊಂಡಂತಾಗುತ್ತದೆ.

ಎಲ್ಲ ಅಧ್ಯಯನಗಳೂ ಸೊನ್ನೆಯನ್ನೇ ತೋರಿಸಿವೆ ಎಂದು ಹೇಳಿದರೆ ನಾನು ನಿಮಗೆ ಪೂರ್ತಿ ಸಂಗತಿ ಹೇಳಿದಂತಾಗುವುದಿಲ್ಲ. 2024ರಲ್ಲಿ ವರ್ಜೀನಿಯಾ ಕ್ಲಿಂಟನ್-ಲಿಸೆಲ್ ಮತ್ತು ಕ್ರಿಸ್ಟೀನ್ ಲಿಟ್ಜಿಂಜರ್ 21 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಶೈಲಿಗೆ ಹೊಂದಿಸಿದ ಪಾಠದಿಂದ ಸರಾಸರಿಯಲ್ಲಿ ಒಂದು ಸಣ್ಣ ಲಾಭ ಕಂಡಿತು. ಇದನ್ನು ಹಿಡಿದು ‘ನೋಡಿ, ಶೈಲಿ ನಿಜವಂತೆ’ ಎನ್ನುವವರೂ ಇದ್ದಾರೆ. ಆದರೆ ಅದೇ ಲೇಖನದಲ್ಲಿ ಇನ್ನೊಂದು ಅಂಕೆ ಇದೆ. ಅಳೆದ ಫಲಿತಾಂಶಗಳಲ್ಲಿ ನೂರಕ್ಕೆ 26ರಲ್ಲಿ ಮಾತ್ರ ನಾನು ಆಗಲೇ ಹೇಳಿದ ಕತ್ತರಿ ಕಂಡಿತ್ತು. ಉಳಿದವುಗಳ ಲಾಭ ನಮ್ಮ ಜಲಚಕ್ರದ 14 ಮತ್ತು 11ರಂಥದ್ದು: ಒಂದು ಗುಂಪನ್ನಷ್ಟೇ ನೋಡಿದಾಗ ಹೊಂದಾಣಿಕೆಯ ಲಾಭದಂತೆ ಕಾಣುತ್ತದೆ, ಎರಡನ್ನೂ ನೋಡಿದಾಗ ಒಳ್ಳೆಯ ಪಾಠದ ಲಾಭ ಎಂದು ತಿಳಿಯುತ್ತದೆ. ಲೇಖಕಿಯರ ತೀರ್ಮಾನವೂ ಇದೇ ದಿಕ್ಕಿನದು: ಲಾಭ ಚಿಕ್ಕದು, ಅಪರೂಪದ್ದು, ಇದಕ್ಕಾಗಿ ಶಾಲೆಗಳು ಶ್ರಮಪಡುವಷ್ಟು ಬೆಲೆಯುಳ್ಳದ್ದಲ್ಲ.

ಹಾಗಾದರೆ ತರಗತಿಯಲ್ಲಿ ನಿಂತಿರುವ ನಮ್ಮ ಕಣ್ಣಿಗೆ ಶೈಲಿ ಏಕೆ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ? ಒಂದು ಕಾರಣ, ಮಕ್ಕಳೇ ಹಾಗೆ ಹೇಳುತ್ತಾರೆ, ಮನಸಾರೆ ನಂಬಿಯೇ ಹೇಳುತ್ತಾರೆ. ಅಬ್ಬಿ ನೋಲ್ ಮತ್ತು ಸಂಗಡಿಗರು 2017ರಲ್ಲಿ ಇದನ್ನು ಪರೀಕ್ಷಿಸಿದರು. ಕೆಲವನ್ನು ಚಿತ್ರವಾಗಿ, ಕೆಲವನ್ನು ಪದವಾಗಿ ಕಲಿಸಿ, ಪ್ರತಿಯೊಂದನ್ನೂ ಕಲಿಯುವಾಗಲೇ ‘ಇದು ನಿಮಗೆ ನೆನಪಿರುತ್ತದೆಯೇ’ ಎಂದು ಕೇಳಿದರು. ದೃಶ್ಯ ಶೈಲಿಯವರು ಚಿತ್ರಗಳು ಹೆಚ್ಚು ನೆನಪಿರುತ್ತವೆ ಎಂದು ಅಂದಾಜಿಸಿದರು, ಪದಗಳ ಒಲವಿನವರು ಪದಗಳ ಬಗ್ಗೆ ಹಾಗೆಯೇ ಅಂದುಕೊಂಡರು. ಆಮೇಲೆ ನಿಜವಾಗಿ ನೆನಪಿಸಿಕೊಂಡದ್ದನ್ನು ಎಣಿಸಿದಾಗ ಶೈಲಿಗೂ ನೆನಪಿಗೂ ಸಂಬಂಧ ಕಾಣಲಿಲ್ಲ. ಕಲಿತೆ ಎಂಬ ಭಾವನೆಯನ್ನು ಶೈಲಿ ಬದಲಿಸುತ್ತದೆ, ಕಲಿತದ್ದನ್ನು ಬದಲಿಸುವುದಿಲ್ಲ. ಪಾಠ ಮುಗಿದಾಗ ಮಗುವಿನ ಮುಖ ಅರಳಿದ್ದನ್ನು ನೋಡಿ ನಾವು ಅಳೆಯುವುದು ಹೆಚ್ಚಾಗಿ ಈ ಭಾವನೆಯನ್ನೇ.

ಇನ್ನೊಂದು ಕಾರಣ, ಪಾಠದ ವಿಷಯಕ್ಕೆ ಸೇರಿದ ಗುಣವನ್ನು ನಾವು ಮಗುವಿನ ಮೇಲೆ ಹೊರಿಸುತ್ತೇವೆ. ಕರ್ನಾಟಕದ ನದಿಗಳಲ್ಲಿ ಯಾವುವು ಪೂರ್ವಕ್ಕೆ, ಯಾವುವು ಪಶ್ಚಿಮಕ್ಕೆ ಹರಿಯುತ್ತವೆ ಎಂಬುದನ್ನು ನಕ್ಷೆಯಿಲ್ಲದೆ ಎಷ್ಟೇ ಚೆನ್ನಾಗಿ ಮಾತಿನಲ್ಲಿ ಹೇಳಿದರೂ, ಕೇಳಿ ಕಲಿಯುವವನೆಂಬ ಹುಡುಗನಿಗೂ ಅದು ಗೋಜಲೇ. ಅಲ್ಪಪ್ರಾಣ-ಮಹಾಪ್ರಾಣಗಳ ವ್ಯತ್ಯಾಸವನ್ನು ಬಣ್ಣದ ಚಾರ್ಟಿನಲ್ಲಿ ತೂಗುಹಾಕಿದರೆ ದೃಶ್ಯ ಶೈಲಿಯ ಹುಡುಗಿಗೂ ಬರುವುದಿಲ್ಲ. ಕಿವಿಗೆ ಬೀಳಬೇಕು, ನಾಲಿಗೆಯಲ್ಲಿ ಹೊರಳಬೇಕು. ಬ್ಯೂರೆಟ್ಟಿನ ನಲ್ಲಿಯನ್ನು ತೊಟ್ಟು ತೊಟ್ಟಾಗಿ ಬಿಡುವುದನ್ನು ಕೈ ಕಲಿಯಬೇಕು. ಯಾವ ಮಾಧ್ಯಮ ಎಂಬುದನ್ನು ಬಹುಪಾಲು ವಿಷಯವೇ ಗೊತ್ತುಮಾಡುತ್ತದೆ. ಚಿತ್ರ ಮತ್ತು ಮಾತು ಜೊತೆಯಾದಾಗ ಸಾಮಾನ್ಯವಾಗಿ ಎಲ್ಲರಿಗೂ ಅನುಕೂಲವಾಗುತ್ತದೆ ಎಂಬುದಕ್ಕೆ ಬೇರೆಯೇ ಆದ ಗಟ್ಟಿ ಆಧಾರಗಳಿವೆ. ಆದ್ದರಿಂದ ಶೈಲಿ ಸುಳ್ಳು ಎಂದರೆ ಕಲಿಕೋಪಕರಣಗಳನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿ ಎಂದು ಯಾರೂ ತಿಳಿಯಬಾರದು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ನಮ್ಮ ನಗರಗಳಲ್ಲಿ ಮಕ್ಕಳ ಬೆರಳಚ್ಚು ತೆಗೆದುಕೊಂಡು, ನಿಮ್ಮ ಮಗು ನೋಡಿ ಕಲಿಯುವುದೋ ಕೇಳಿ ಕಲಿಯುವುದೋ ಎಂದು ವರದಿ ಕೊಡುವ ವ್ಯಾಪಾರ ನಡೆಯುತ್ತಿದೆ. ಬೆರಳಿನ ಗೆರೆಗಳು ಗರ್ಭದಲ್ಲೇ ಮೂಡಿ ಜೀವನವಿಡೀ ಹಾಗೇ ಇರುತ್ತವೆ ಎಂಬುದು ನಿಜ. ಅವುಗಳಿಂದ ಕಲಿಕೆಯ ರೀತಿ ತಿಳಿಯುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಇದು ಸಾವಿರಾರು ರೂಪಾಯಿ ಕಳೆದುಕೊಳ್ಳುವ ಮಾತು ಮಾತ್ರವಲ್ಲ. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೋಷಕರಿಗೆ, ಮಕ್ಕಳಿಗೆ ಮತ್ತು ಶಿಕ್ಷಕರಿಗೆ ಇಬ್ಬರು ವಿದ್ಯಾರ್ಥಿಗಳ ಬಗ್ಗೆ ಹೇಳಲಾಯಿತು: ಒಬ್ಬರು ನೋಡಿ ಕಲಿಯುವವರು, ಇನ್ನೊಬ್ಬರು ಕೈಯಾರೆ ಮಾಡಿ ಕಲಿಯುವವರು. ಬೇರೇನೂ ಹೇಳದಿದ್ದರೂ, ನೋಡಿ ಕಲಿಯುವವರೇ ಹೆಚ್ಚು ಬುದ್ಧಿವಂತರು ಎಂದು ಜನ ಅಂದಾಜು ಮಾಡಿದರು. ‘ಇವನು ಕೈಕೆಲಸದ ಹುಡುಗ’ ಎಂದು ನಾವು ಮೆಚ್ಚುಗೆಯಿಂದ ಹೇಳಿದ ಮಾತನ್ನು ಕೇಳಿಸಿಕೊಂಡವರು ‘ಇವನಿಗೆ ಓದು ಹತ್ತುವುದಿಲ್ಲ’ ಎಂದು ಅರ್ಥ ಮಾಡಿಕೊಳ್ಳಬಹುದು. ನಮ್ಮ ಸಮಾಜದಲ್ಲಿ ಇಂಥ ಹಣೆಪಟ್ಟಿಗಳಿಗೆ ಬೇರೆ ಹಳೆಯ ಭಾರಗಳೂ ಇವೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಶ್ರವಣದೋಷವಿರುವ ಮಗುವಿಗೆ ಸನ್ನೆ ಭಾಷೆ ಬೇಕಲ್ಲವೇ, ದೃಷ್ಟಿಯಿಲ್ಲದ ಮಗುವಿಗೆ ಬ್ರೈಲ್ ಬೇಕಲ್ಲವೇ, ಅದು ಶೈಲಿಯಲ್ಲವೇ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಬಂದಿರುತ್ತದೆ. ಅದು ಶೈಲಿಯಲ್ಲ. ಪಾಠ ಆ ಮಗುವನ್ನು ತಲುಪಲು ಇರುವ ದಾರಿಯ ಪ್ರಶ್ನೆ ಅದು. ಅಲ್ಲಿ ಒಲವನ್ನು ಕೇಳುವ ಪ್ರಶ್ನಾವಳಿಯ ಅಗತ್ಯವೇ ಇಲ್ಲ. ಓದಿನ ತೊಂದರೆ ಇರುವ ಮಗುವಿಗೆ ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಕ್ರಮವಾಗಿ ಕಲಿಸಬೇಕು. ಅದನ್ನು ‘ಕೇಳಿ ಕಲಿಯುವ ಮಗು’ ಎಂದು ಕರೆದು ಓದಿನಿಂದ ಬಿಡುಗಡೆ ಮಾಡಿದರೆ ಅದಕ್ಕೆ ಸಿಗಬೇಕಾದ ನೆರವೇ ತಪ್ಪುತ್ತದೆ.

ಈಗ ನನಗೆ ಮುಖ್ಯವೆನಿಸುವ ಭಾಗಕ್ಕೆ ಬರುತ್ತೇನೆ. ಪ್ಯಾಷ್ಲರ್ ಮತ್ತು ಸಂಗಡಿಗರ ಷರತ್ತು ತೀರಾ ಕಠಿಣ, ಅದರಲ್ಲಿ ಯಾವ ವ್ಯತ್ಯಾಸವೂ ಪಾಸಾಗಲಾರದು ಎಂದು ಕೆಲವರು ಆಕ್ಷೇಪಿಸುತ್ತಾರೆ. ಹಾಗೇನಿಲ್ಲ. ಅದರಲ್ಲಿ ಪಾಸಾದ ಒಂದು ವ್ಯತ್ಯಾಸ ಇದೆ: ಮಗುವಿಗೆ ಆ ವಿಷಯದಲ್ಲಿ ಈಗಾಗಲೇ ಎಷ್ಟು ಗೊತ್ತು ಎಂಬುದು. ಆಸ್ಟ್ರೇಲಿಯದ ಸ್ಲಾವಾ ಕಲ್ಯುಗ, ಜಾನ್ ಸ್ವೆಲ್ಲರ್ ಮತ್ತಿತರರು ಕೈಗಾರಿಕಾ ತರಬೇತಿ ಪಡೆಯುತ್ತಿದ್ದವರ ಮೇಲೆ ಮಾಡಿ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೊಸದಾಗಿ ಕಲಿಯುವವರಿಗೆ ಹಂತಹಂತವಾಗಿ ಬಿಡಿಸಿ ತೋರಿಸಿದ ಉದಾಹರಣೆಗಳಿಂದ ಹೆಚ್ಚು ಲಾಭವಾಯಿತು. ತರಬೇತಿ ಮುಂದುವರಿದಂತೆ ಆ ಲಾಭ ಕರಗಿತು. ಅನುಭವ ಇನ್ನಷ್ಟು ಬಂದ ಮೇಲೆ ಸಮಸ್ಯೆಗಳನ್ನು ತಾವೇ ಬಿಡಿಸಿದವರು ಮುಂದಾದರು. ಗೆರೆಗಳು ಕತ್ತರಿಸಿದವು. ಕಾರಣವೂ ಊಹೆಗೆ ನಿಲುಕುವಂಥದ್ದೇ: ಏನೂ ಗೊತ್ತಿಲ್ಲದವನಿಗೆ ದಾರಿ ಹುಡುಕುವುದರಲ್ಲೇ ಗಮನವೆಲ್ಲ ವ್ಯಯವಾಗಿ ನಿಯಮವನ್ನು ಗ್ರಹಿಸಲು ಏನೂ ಉಳಿಯುವುದಿಲ್ಲ, ಗೊತ್ತಿರುವವನಿಗೆ ಅದೇ ವಿವರಣೆ, ತನ್ನ ತಿಳಿವಳಿಕೆಯೊಂದಿಗೆ ಮತ್ತೆ ತಾಳೆ ಹಾಕಬೇಕಾದ ಹೆಚ್ಚಿನ ಹೊರೆ.

ನಮ್ಮ ನಲಿ-ಕಲಿ ತರಗತಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಅಲ್ಲಿ ಮಕ್ಕಳು ಕೂರುವುದು ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಭಾಗಶಃ ಬೇಕಾದವರು, ಸಹಪಾಠಿಗಳ ನೆರವಿನಿಂದ ಕಲಿಯುವವರು, ಸ್ವಕಲಿಕೆಯವರು ಎಂಬ ತಟ್ಟೆಗಳ ಪ್ರಕಾರ, ಮತ್ತು ಮಗು ಒಂದು ಮೈಲಿಗಲ್ಲಿನೊಳಗೇ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಚಟುವಟಿಕೆ, ಹಾಡು, ಕಾರ್ಡುಗಳನ್ನು ನೋಡಿ ನಲಿ-ಕಲಿಯನ್ನು ಕಲಿಕಾ ಶೈಲಿಯ ಪದ್ಧತಿ ಎಂದು ವರ್ಣಿಸುವುದನ್ನು ಕೇಳಿದ್ದೇನೆ. ಅದು ತಪ್ಪು ವರ್ಣನೆ. ಆ ವಿಂಗಡಣೆ ಮಗು ಎಂಥದ್ದು ಎಂಬುದರ ಮೇಲೆ ನಿಂತಿಲ್ಲ, ಎಲ್ಲಿಯವರೆಗೆ ಬಂದಿದೆ ಎಂಬುದರ ಮೇಲೆ ನಿಂತಿದೆ.

ಎಂಟನೆಯ ತರಗತಿಯ ಒಂದು ಚರಾಕ್ಷರದ ಸಮೀಕರಣವನ್ನು ತೆಗೆದುಕೊಂಡು ಇದನ್ನು ನೋಡೋಣ. ಪಾಠಕ್ಕೆ ಮುಂಚೆ 3x + 5 = 20 ಎಂಬ, ಹಿಂದಿನ ವರ್ಷದ ಮಟ್ಟದ ಒಂದೇ ಲೆಕ್ಕವನ್ನು ಚೀಟಿಯಲ್ಲಿ ಮಾಡಿಸಿ, ಚೀಟಿಗಳನ್ನು ಎರಡು ಕಂತೆ ಮಾಡಿ. ಹಂತಗಳನ್ನು ಬರೆದು x = 5 ಎಂದವರು ಒಂದು ಕಂತೆ; ಉಳಿದವರು ಇನ್ನೊಂದು. ಅಂದಾಜಿನಿಂದ ಬರೀ ಉತ್ತರ ಬರೆದವರನ್ನು ಎರಡನೆಯದರಲ್ಲೇ ಇಡಿ. ಆ ಎರಡನೆಯ ಕಂತೆಯವರಿಗೆ 5x − 7 = 2x + 8 ಎಂಬುದನ್ನು ಪೂರ್ತಿ ಬಿಡಿಸಿದ ರೂಪದಲ್ಲೇ ಕೊಡಿ: 5x − 2x = 8 + 7, ಆಮೇಲೆ 3x = 15, ಆಮೇಲೆ x = 5. ಪ್ರತಿ ಹಂತದ ಪಕ್ಕದಲ್ಲಿ ‘ಇಲ್ಲಿ ಏನು ಮಾಡಿದರು, ಏಕೆ’ ಎಂದು ಅವರೇ ಬರೆಯಲಿ. ಮುಂದಿನ ಲೆಕ್ಕದಲ್ಲಿ ಕೊನೆಯ ಹಂತ ಖಾಲಿ ಇರಲಿ, ಅದರ ಮುಂದಿನದರಲ್ಲಿ ಕೊನೆಯ ಎರಡು ಹಂತಗಳು ಖಾಲಿ ಇರಲಿ, ಹೀಗೆ ಪೂರ್ತಿ ಲೆಕ್ಕ ಅವರ ಕೈಗೆ ಬರಲಿ. ಮೊದಲ ಕಂತೆಯವರಿಗೆ ಒಂದು ಉದಾಹರಣೆ ಸಾಕು, ನೇರವಾಗಿ ಲೆಕ್ಕಗಳಿಗೆ ಬಿಡಿ.

ಮಕ್ಕಳ ತಪ್ಪುಗಳೇ ಮುಂದಿನ ದಾರಿ ಹೇಳುತ್ತವೆ. 7x = 15 ಎಂದು ಬರೆದ ಮಗು 2x ಅನ್ನು ಪಕ್ಷಾಂತರ ಮಾಡುವಾಗ ಚಿಹ್ನೆ ಬದಲಿಸಿಲ್ಲ; 3x = 1 ಎಂದು ಬರೆದ ಮಗು −7ರ ವಿಷಯದಲ್ಲಿ ಹಾಗೆ ಮಾಡಿದೆ. ಈ ಇಬ್ಬರೂ ಅಂತಿಮ ಉತ್ತರದಲ್ಲಿ ತಪ್ಪಿದ್ದಾರೆ, ಆದರೆ ಮತ್ತೆ ತೋರಿಸಬೇಕಾದ ಹಂತ ಬೇರೆ ಬೇರೆ. ಎರಡನ್ನೂ ಪದೇಪದೇ ಮಾಡುವ ಮಗುವಿಗೆ ಪಕ್ಷಾಂತರ ಎಂಬುದು ಅಂಕೆಗಳನ್ನು ಆಚೆ ದಾಟಿಸುವ ಆಟವಾಗಿಬಿಟ್ಟಿದೆ, ಅದಕ್ಕೆ ಎರಡೂ ಕಡೆಯಿಂದ 2x ಕಳೆಯುವುದನ್ನು ಬಿಡಿಸಿ ತೋರಿಸುವಲ್ಲಿಂದಲೇ ಮತ್ತೆ ಶುರುಮಾಡಬೇಕು. ಇನ್ನು ಎರಡನೆಯ ಕಂತೆಯ ಮಗುವೊಂದು ಬಿಡಿಸಿದ ಉದಾಹರಣೆಯನ್ನು ಓದದೆ ಖಾಲಿ ಜಾಗಕ್ಕೆ ನೇರವಾಗಿ ಹಾರಿ ಸರಿಯಾಗಿ ತುಂಬುತ್ತಿದ್ದರೆ, ಅದನ್ನು ಆ ಅವಧಿಯಲ್ಲೇ ಮೊದಲ ಕಂತೆಗೆ ಸೇರಿಸಿ. ಈ ಕಂತೆಗಳು ಸಮೀಕರಣಕ್ಕೆ ಮಾತ್ರ ಅನ್ವಯಿಸುತ್ತವೆ. ಮುಂದಿನ ವಾರ ಚತುರ್ಭುಜಗಳ ಪಾಠ ಬಂದಾಗ ಹೊಸ ಚೀಟಿ ಬರೆಸಬೇಕು, ಆಗ ಯಾರು ಯಾವ ಕಂತೆಯಲ್ಲಿರುತ್ತಾರೆ ಎಂಬುದನ್ನು ಇವತ್ತಿನ ಪಟ್ಟಿ ನೋಡಿ ಹೇಳಲು ಬರುವುದಿಲ್ಲ.